12,500 ಡಾಲರ್ ಕಂತಿಗೆ ನಿಜವಾಗಿ ಹೋದ ರೂಪಾಯಿ ಎಷ್ಟು: ಒಂದು ಪ್ರಕರಣ

ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದುತ್ತಿದ್ದಾಳೆ. ವರ್ಷದ ಶುಲ್ಕಕ್ಕೆ ಎರಡು ಕಂತು, ಒಂದೊಂದೂ 12,500 ಡಾಲರ್. ಮೊದಲನೆಯದನ್ನು 2025ರ ಆಗಸ್ಟ್‌ನಲ್ಲಿ ಕಟ್ಟಿದರು, ಎರಡನೆಯದನ್ನು 2026ರ ಜನವರಿಯಲ್ಲಿ. ಎರಡೂ ಸಲ ಹಣ ಹೋದದ್ದು ಮೇಷ್ಟ್ರ ಉಳಿತಾಯ ಖಾತೆಯಿಂದ, ಅದೇ ಬ್ಯಾಂಕು, ಅದೇ ಶಾಖೆ. ಆಗಸ್ಟ್‌ನಲ್ಲಿ ಖಾತೆಯಿಂದ ಕಡಿತವಾದದ್ದು 11,17,690 ರೂಪಾಯಿ. ಜನವರಿಯಲ್ಲಿ 12,01,821. ಡಾಲರ್ ಅಷ್ಟೇ, ರೂಪಾಯಿ ಮಾತ್ರ 84,131 ಹೆಚ್ಚು. ಇಷ್ಟು ಕೊಟ್ಟ ಮೇಲೂ ವಾರದೊಳಗೆ ಮಗಳ ಫೋನು ಬಂತು: "ಅಪ್ಪಾ, ಪೋರ್ಟಲ್‌ನಲ್ಲಿ ಇನ್ನೂ ಇಪ್ಪತ್ತೈದು ಡಾಲರ್ ಬಾಕಿ ಅಂತ ತೋರಿಸ್ತಿದೆ."

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಎರಡೂ ಕಂತಿನ ಕಾಗದಗಳನ್ನು ಮೇಷ್ಟ್ರು ತಂದು ತೋರಿಸಿದಾಗ, ಇದು ಅವರೊಬ್ಬರ ಪ್ರಶ್ನೆಯಲ್ಲ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಎಷ್ಟೋ ಮನೆಗಳ ಪ್ರಶ್ನೆ ಅನ್ನಿಸಿತು. ಅದಕ್ಕೇ ಇಡೀ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ. ಕುಟುಂಬದ, ಬ್ಯಾಂಕಿನ, ವಿಶ್ವವಿದ್ಯಾಲಯದ ಹೆಸರು ಬಿಟ್ಟಿದ್ದೇನೆ. ಓದುವವರು ಪಕ್ಕದಲ್ಲೇ ಕೂಡಿಸಿ ಕಳೆದು ನೋಡಲು ಅನುಕೂಲವಾಗಲಿ ಎಂದು ವಿನಿಮಯ ದರಗಳನ್ನು ದುಂಡಗೆ ಮಾಡಿದ್ದೇನೆ.

ಜನವರಿಯ ಡೆಬಿಟ್ ಚೀಟಿ

ಬ್ಯಾಂಕ್ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು:

| ವಿವರ | ರೂಪಾಯಿ |
|---|---|
| 12,500 ಡಾಲರ್, ದರ 91.40 | 11,42,500 |
| ಕಮಿಷನ್ ಮತ್ತು ಸ್ವಿಫ್ಟ್ ಶುಲ್ಕ | 1,000 |
| ಆ ಶುಲ್ಕದ ಮೇಲೆ ಜಿಎಸ್‌ಟಿ, 18% | 180 |
| ಕರೆನ್ಸಿ ಪರಿವರ್ತನೆಯ ಜಿಎಸ್‌ಟಿ | 1,016 |
| ಟಿಸಿಎಸ್ | 57,125 |
| ಒಟ್ಟು | 12,01,821 |

ಇದನ್ನು ನೋಡಿದ ಯಾರ ಕಣ್ಣೂ ಮೊದಲು ಬ್ಯಾಂಕ್ ಮುಂಚಿತವಾಗಿ ಹಿಡಿಯುವ ತೆರಿಗೆಯಾದ ಟಿಸಿಎಸ್ ಮೇಲೆ ನಿಲ್ಲುತ್ತದೆ, ಆಮೇಲೆ ಸಾವಿರ ರೂಪಾಯಿಯ ಶುಲ್ಕದ ಮೇಲೆ. ಮೇಷ್ಟ್ರೂ ಶಾಖೆಯಲ್ಲಿ ಕೂತು ಆ ಸಾವಿರ ರೂಪಾಯಿಯನ್ನು ಕಡಿಮೆ ಮಾಡಿಸಿಕೊಳ್ಳಲು ಅರ್ಧ ಗಂಟೆ ಮಾತಾಡಿದ್ದರಂತೆ. ಈ ವ್ಯವಹಾರದಲ್ಲಿ ಅವರು ಕಳೆದುಕೊಂಡ ಅತಿ ದೊಡ್ಡ ಮೊತ್ತ ಮೊದಲ ಸಾಲಿನಲ್ಲಿದೆ. ಆದರೆ ಅಲ್ಲಿ ಅದಕ್ಕೆ ಹೆಸರಿಲ್ಲ.

91.40 ಎಲ್ಲಿಂದ ಬಂತು

ಆ ಹೊತ್ತಿಗೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಂಡು ಮಾರುತ್ತಿದ್ದ ದರ ಸುಮಾರು 90 ರೂಪಾಯಿ. ಮೇಷ್ಟ್ರಿಗೆ ಬ್ಯಾಂಕ್ ಹಾಕಿದ್ದು 91.40. ಒಂದು ಡಾಲರ್‌ಗೆ 1 ರೂಪಾಯಿ 40 ಪೈಸೆ ಅಂತರ, ಅಂದರೆ 12,500 ಡಾಲರ್‌ಗೆ 17,500 ರೂಪಾಯಿ. ಚೀಟಿಯಲ್ಲಿ ಇದಕ್ಕೆ ಬೇರೆ ಸಾಲಿಲ್ಲ, ಏಕೆಂದರೆ ಬ್ಯಾಂಕಿನ ದೃಷ್ಟಿಯಲ್ಲಿ ಇದು ಶುಲ್ಕವಲ್ಲ, ಡಾಲರ್ ಮಾರಿದ ಬೆಲೆ. ಈ ಅಂತರವನ್ನು ಸ್ಪ್ರೆಡ್ ಅಥವಾ ಮಾರ್ಜಿನ್ ಅನ್ನುತ್ತಾರೆ.

ಅಂತರ ಇಷ್ಟು ದಪ್ಪ ಇರಲು ಕಾರಣ ಇದೆ. ಬೆಳಿಗ್ಗೆ ಮಾರುಕಟ್ಟೆ ತೆರೆದ ಸ್ವಲ್ಪ ಹೊತ್ತಿಗೆ ಬ್ಯಾಂಕಿಗಾಗಿ ಡಾಲರ್ ಕೊಂಡು ಮಾರುವ ಟ್ರೆಷರಿ ವಿಭಾಗದವರು ಆ ದಿನದ ದರಪಟ್ಟಿ ಹೊರಡಿಸುತ್ತಾರೆ. ಅದಕ್ಕೆ ಕಾರ್ಡ್ ದರ ಎಂದು ಹೆಸರು. ದೇಶದ ಎಲ್ಲ ಶಾಖೆಗಳೂ ಸಣ್ಣ ಮೊತ್ತಗಳಿಗೆ ಅದನ್ನೇ ಹಾಕುತ್ತವೆ. ಮಧ್ಯಾಹ್ನ ಡಾಲರ್ ಮೂವತ್ತು ಪೈಸೆ ಏರಿದರೂ ಬೆಳಗಿನ ಪಟ್ಟಿಯಲ್ಲಿ ಮಾರಿದ ಬ್ಯಾಂಕ್ ನಷ್ಟಕ್ಕೆ ಬೀಳಬಾರದು. ಹಾಗಾಗಿ ದರದೊಳಗೇ ಒಂದಿಷ್ಟು ರಕ್ಷಣೆ ಸೇರಿಸಿಡುತ್ತಾರೆ, ಅದರ ಮೇಲೆ ಲಾಭ. ಐನೂರು ಡಾಲರ್ ಕಳಿಸುವವರ ಮಟ್ಟಿಗೆ ಇದು ದೊಡ್ಡ ಹೊರೆಯಲ್ಲ. 12,500 ಡಾಲರ್‌ನ ಮಾತು ಬೇರೆ. ಆ ಮೊತ್ತಕ್ಕೆ ಶಾಖೆ ಟ್ರೆಷರಿಗೆ ಫೋನ್ ಮಾಡಿ ಆ ನಿಮಿಷದ ಮಾರುಕಟ್ಟೆ ದರದ ಮೇಲೆ ಇಷ್ಟು ಪೈಸೆ ಎಂದು ದರ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡ ದರವೇ ಡೀಲ್ ರೇಟ್. ಅದರಲ್ಲಿ ದಿನವಿಡೀ ಏರಿಳಿತ ತಡೆದುಕೊಳ್ಳುವ ರಕ್ಷಣೆ ಬೇಕಾಗಿಲ್ಲ, ಏಕೆಂದರೆ ಟ್ರೆಷರಿ ಅದೇ ಹೊತ್ತಿಗೆ ಮಾರುಕಟ್ಟೆಯಲ್ಲಿ ಆ ಡಾಲರ್ ಕೊಂಡುಬಿಡಬಹುದು. ಎಷ್ಟು ಡಾಲರ್ ಮೇಲ್ಪಟ್ಟರೆ ಡೀಲ್ ರೇಟ್ ಕೊಡುತ್ತಾರೆ ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಕೇಳದವರಿಗೆ ಮಾತ್ರ ತನ್ನಷ್ಟಕ್ಕೆ ಕಾರ್ಡ್ ದರವೇ ಬೀಳುತ್ತದೆ.

ಮೇಷ್ಟ್ರ ಬ್ಯಾಂಕಿನಲ್ಲಿ ಡೀಲ್ ರೇಟ್ ಸಿಗುತ್ತಿತ್ತು. ಅವರು ಕೇಳಲಿಲ್ಲ, ಶಾಖೆಯವರು ಹೇಳಲಿಲ್ಲ. ಶಾಖೆಯವರನ್ನು ಪೂರ್ತಿ ದೂರಲೂ ಬರುವುದಿಲ್ಲ. ಇಂಥ ಶಾಖೆಗಳಲ್ಲಿ ಡಾಲರ್ ವ್ಯವಹಾರ ನೇರವಾಗಿ ನಡೆಯುವುದಿಲ್ಲ. ಅರ್ಜಿಯನ್ನು ಸ್ಕ್ಯಾನ್ ಮಾಡಿ ಬೆಂಗಳೂರಿನ ಫಾರೆಕ್ಸ್ ಕೇಂದ್ರಕ್ಕೆ ಕಳಿಸುತ್ತಾರೆ, ದರ ಹಾಕುವುದೂ ಹೊರದೇಶದ ಬ್ಯಾಂಕಿಗೆ ಹಣ ಪಾವತಿಸಲು ಹೇಳುವ ಸ್ವಿಫ್ಟ್ ಸಂದೇಶ ಕಳಿಸುವುದೂ ಅಲ್ಲಿಯೇ. ಕೌಂಟರಿನಲ್ಲಿ ಕೂತವರಿಗೆ ದರದ ಮೇಲೆ ಹಿಡಿತ ಇರುವುದಿಲ್ಲ. ಆದರೂ ಗ್ರಾಹಕ ಒತ್ತಿ ಕೇಳಿದರೆ ಅವರು ಕೇಂದ್ರಕ್ಕೆ ಫೋನ್ ಹಚ್ಚುತ್ತಾರೆ.

ಕೇಳುವ ರೀತಿಯಲ್ಲೇ ಎಲ್ಲ ಇದೆ. "ಇವತ್ತು ಡಾಲರ್ ಎಷ್ಟು?" ಎಂದರೆ ಪಟ್ಟಿ ನೋಡಿ 91.40 ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದದ್ದು "ಮಾರುಕಟ್ಟೆ ದರದ ಮೇಲೆ ಎಷ್ಟು ಪೈಸೆ ಹಾಕುತ್ತೀರಿ?" ಎಂದು. ಈ ಪ್ರಶ್ನೆಗೆ ಉತ್ತರ ಪೈಸೆಯಲ್ಲಿ ಬರಲೇಬೇಕು, ಮತ್ತು ಆ ಪೈಸೆಯನ್ನು ಇನ್ನೊಂದು ಬ್ಯಾಂಕಿನ ಪೈಸೆಯ ಜೊತೆ ಹೋಲಿಸಬಹುದು. ದರವನ್ನು ದರದ ಜೊತೆ ಹೋಲಿಸಲು ಹೋದರೆ ಒಬ್ಬರು ಬೆಳಿಗ್ಗೆ ಹೇಳಿದ್ದನ್ನೂ ಇನ್ನೊಬ್ಬರು ಸಂಜೆ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ಮೋಸ ಹೋಗುತ್ತೇವೆ. ಡಾಲರ್ ಅಷ್ಟರಲ್ಲಿ ತಾನೇ ಇಪ್ಪತ್ತು ಪೈಸೆ ಸರಿದಿರಬಹುದು.

ಮಾರುಕಟ್ಟೆ ದರ ತಿಳಿಯಲು ಜನಸಾಮಾನ್ಯರಿಗೆ ನಂಬಬಹುದಾದ ಒಂದು ಗುರುತು ಇದೆ. ಎಫ್‌ಬಿಐಎಲ್ ಸಂಸ್ಥೆ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಡಾಲರ್-ರೂಪಾಯಿ ಉಲ್ಲೇಖ ದರ ಪ್ರಕಟಿಸುತ್ತದೆ. ಮೊದಲು ಈ ಕೆಲಸವನ್ನು ರಿಸರ್ವ್ ಬ್ಯಾಂಕೇ ಮಾಡುತ್ತಿತ್ತು, 2018ರಿಂದ ಎಫ್‌ಬಿಐಎಲ್ ಮಾಡುತ್ತಿದೆ. ಕಂತು ಕಟ್ಟಿದ ದಿನದ ಉಲ್ಲೇಖ ದರವನ್ನು ಚೀಟಿಯ ದರದಿಂದ ಕಳೆದರೆ ಎಷ್ಟು ಪೈಸೆ ಹೋಯಿತು ಎಂಬುದರ ಹತ್ತಿರಹತ್ತಿರದ ಲೆಕ್ಕ ಸಿಗುತ್ತದೆ. ಮೇಷ್ಟ್ರ ಎರಡೂ ಚೀಟಿಗಳನ್ನು ನಾನು ಹೀಗೇ ನೋಡಿದೆ. ಆಗಸ್ಟ್‌ನಲ್ಲಿ ಮಾರುಕಟ್ಟೆ 87.50, ಬ್ಯಾಂಕ್ 88.80. ಆಗ 1 ರೂಪಾಯಿ 30 ಪೈಸೆ, ಈಗ 1 ರೂಪಾಯಿ 40.

ಚೀಟಿಯಲ್ಲಿ ಇನ್ನೊಂದನ್ನೂ ನೋಡಬೇಕು. ಬ್ಯಾಂಕಿನ ಪಟ್ಟಿಯಲ್ಲಿ ಮಾರುವ ದರ ಒಂದೇ ಅಲ್ಲ. ತಂತಿ ವರ್ಗಾವಣೆಗೆ ಟಿ.ಟಿ. ಸೆಲ್ಲಿಂಗ್, ಆಮದು ಬಿಲ್‌ಗಳಿಗೆ ಬಿಲ್ ಸೆಲ್ಲಿಂಗ್, ನೋಟುಗಳಿಗೆ ಕರೆನ್ಸಿ ಸೆಲ್ಲಿಂಗ್. ಶುಲ್ಕ ಕಳಿಸುವುದಕ್ಕೆ ಟಿ.ಟಿ. ಸೆಲ್ಲಿಂಗ್ ದರ ಹಾಕಬೇಕು. ಉಳಿದವು ಇದಕ್ಕಿಂತ ದುಬಾರಿ. ಮೇಷ್ಟ್ರಿಗೆ ಹಾಕಿದ್ದು ಟಿ.ಟಿ. ದರವೇ, ಆ ಮಟ್ಟಿಗೆ ಸರಿಯಾಗಿತ್ತು.

84 ಸಾವಿರದ ವ್ಯತ್ಯಾಸ

ಈಗ ಎರಡು ಕಂತುಗಳ ನಡುವಿನ 84,131 ರೂಪಾಯಿಗೆ ಬರೋಣ. ಮೇಷ್ಟ್ರು ಇದೆಲ್ಲ ಡಾಲರ್ ಏರಿದ್ದರಿಂದ ಆದದ್ದು ಅಂದುಕೊಂಡಿದ್ದರು. ಡಾಲರ್ ಏರಿಕೆಯಿಂದ ಆದದ್ದು 31,250 ರೂಪಾಯಿ ಮಾತ್ರ: ಎರಡೂವರೆ ರೂಪಾಯಿ ಗುಣಿಸು 12,500. ಸ್ಪ್ರೆಡ್ ಹತ್ತು ಪೈಸೆ ಹೆಚ್ಚಿದ್ದರಿಂದ 1,250. ಜಿಎಸ್‌ಟಿಯಲ್ಲಿ ಆರು ರೂಪಾಯಿ. ಉಳಿದ 51,625 ರೂಪಾಯಿ ಪೂರ್ತಿ ಟಿಸಿಎಸ್.

ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಆದಾಯ ತೆರಿಗೆ ಇಲಾಖೆಯ ಪರವಾಗಿ ಮುಂಚಿತವಾಗಿ ಸಂಗ್ರಹಿಸುವ ತೆರಿಗೆ ಇದು. 2025-26ರಲ್ಲಿದ್ದ ನಿಯಮದಂತೆ, ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಉದಾರೀಕೃತ ರವಾನೆ ಯೋಜನೆಯಡಿ ಕಳಿಸುವ ಒಟ್ಟು ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಶಿಕ್ಷಣಕ್ಕಾದರೆ 5%. ಈ 10 ಲಕ್ಷ ಪ್ರತಿ ಕಂತಿಗಲ್ಲ, ಪ್ರತಿ ಬ್ಯಾಂಕಿಗೂ ಅಲ್ಲ. ಒಂದು ಪ್ಯಾನ್‌ಗೆ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ.

ಆಗಸ್ಟ್‌ನಲ್ಲಿ ಮೇಷ್ಟ್ರು ಕಳಿಸಿದ್ದು 11,10,000 ರೂಪಾಯಿ. ಮಿತಿ ದಾಟಿದ್ದು 1,10,000, ಅದರ 5% ಅಂದರೆ 5,500. ಜನವರಿಯ ಹೊತ್ತಿಗೆ ಅವರ ಪ್ಯಾನ್‌ನಲ್ಲಿ ಮಿತಿಯೇ ಉಳಿದಿರಲಿಲ್ಲ. ಹಾಗಾಗಿ 11,42,500 ರೂಪಾಯಿಯ ಮೊದಲ ರೂಪಾಯಿಯಿಂದಲೇ ತೆರಿಗೆ ಶುರುವಾಯಿತು, 57,125 ಆಯಿತು. ಆಗಸ್ಟ್‌ನ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಅವರು ಖಾತೆಯಲ್ಲಿ 11 ಲಕ್ಷ 60 ಸಾವಿರ ಸಿದ್ಧಮಾಡಿಕೊಂಡು ಹೋಗಿದ್ದರು. ನಲವತ್ತು ಸಾವಿರಕ್ಕೂ ಹೆಚ್ಚು ಕಡಿಮೆ ಬಿತ್ತು. ಅಲ್ಲೇ ಕೂತು ಒಂದು ಠೇವಣಿ ಮುರಿಸಿದರು. ಅಷ್ಟರಲ್ಲಿ ಫಾರೆಕ್ಸ್ ಕೇಂದ್ರದ ಆ ದಿನದ ಸಮಯ ಮೀರಿ, ಅರ್ಜಿ ಮಾರನೆಯ ದಿನಕ್ಕೆ ಹೋಯಿತು. ಕೊನೆಯ ದಿನಾಂಕ ಹತ್ತಿರ ಇದ್ದಿದ್ದರೆ ತಡವಾದ ದಂಡವೂ ಸೇರುತ್ತಿತ್ತು.

ಟಿಸಿಎಸ್ ಕಳೆದುಹೋದ ಹಣವಲ್ಲ, ಇದನ್ನು ಮೇಷ್ಟ್ರಿಗೆ ಒತ್ತಿ ಹೇಳಿದೆ. ಅದು ಅವರ ಪ್ಯಾನ್‌ನಲ್ಲಿ ಜಮೆಯಾಗಿ ಫಾರ್ಮ್ 26ಎಎಸ್‌ನಲ್ಲಿ ಕಾಣಿಸುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಆಗುತ್ತದೆ. ಪಿಂಚಣಿಯೇ ಮುಖ್ಯ ಆದಾಯವಾಗಿರುವ ಅವರಿಗೆ ಕಟ್ಟಬೇಕಾದ ತೆರಿಗೆ ಏನೂ ಇಲ್ಲ. ಹಾಗಾಗಿ ಎರಡೂ ಕಂತಿನ 62,625 ರೂಪಾಯಿ ಪೂರ್ತಿ ಮರುಪಾವತಿಯಾಗಿ ಬರಬೇಕು. ರಿಟರ್ನ್ ಹಾಕದಿದ್ದರೆ ಬರುವುದಿಲ್ಲ. "ನನಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ ಹಾಕಬೇಕು?" ಎಂದು ಸುಮ್ಮನಿರುವ ನಿವೃತ್ತರು ಈ ಹಣವನ್ನು ನಿಜವಾಗಿಯೂ ಕಳೆದುಕೊಳ್ಳುತ್ತಾರೆ. ರಿಟರ್ನ್ ಹಾಕಿದವರಿಗೂ ಹಣ ವಾಪಸ್ ಬರುವವರೆಗಿನ ಠೇವಣಿ ಬಡ್ಡಿ ಕೈತಪ್ಪುತ್ತದೆ. ಜನವರಿಯ 57,125ಕ್ಕೆ ಎಂಟು ತಿಂಗಳು ಹಿಡಿದರೆ, 7% ಲೆಕ್ಕದಲ್ಲಿ ಸುಮಾರು 2,670 ರೂಪಾಯಿ. ಸಕಾಲಕ್ಕೆ ರಿಟರ್ನ್ ಹಾಕಿದ್ದರೆ ಏಪ್ರಿಲ್‌ನಿಂದ ಇಲಾಖೆ ಮರುಪಾವತಿಗೆ ತಿಂಗಳಿಗೆ 0.5% ಬಡ್ಡಿ ಕೊಡುತ್ತದೆ, ಅದರಿಂದ ಒಂದು ಭಾಗ ಮಾತ್ರ ತುಂಬುತ್ತದೆ. ಸಂಬಳದಲ್ಲಿರುವವರು ಇಷ್ಟು ಕಾಯಬೇಕಾಗಿಲ್ಲ. 2024ರ ಅಕ್ಟೋಬರ್‌ನಿಂದ ಕಟ್ಟಿದ ಟಿಸಿಎಸ್ ವಿವರವನ್ನು ಉದ್ಯೋಗದಾತರಿಗೆ ಕೊಟ್ಟು ಸಂಬಳದ ಟಿಡಿಎಸ್‌ನಲ್ಲೇ ಹೊಂದಿಸಿಕೊಳ್ಳಬಹುದು.

ಈ ಮನೆಯಲ್ಲಿ ಅದಕ್ಕಿಂತ ಸುಲಭದ ದಾರಿ ಇತ್ತು. ಮೇಷ್ಟ್ರ ಪತ್ನಿ ಇನ್ನೂ ಸರ್ಕಾರಿ ಶಾಲೆಯಲ್ಲಿ ಕೆಲಸದಲ್ಲಿದ್ದಾರೆ. ಅವರಿಗೂ ಪ್ಯಾನ್ ಇದೆ, ಅವರ ಹೆಸರಿನ 10 ಲಕ್ಷದ ಮಿತಿ ಇಡೀ ವರ್ಷ ಬಳಕೆಯಾಗದೆ ಉಳಿದಿತ್ತು. ಜನವರಿಯ ಕಂತನ್ನು ಅವರ ಖಾತೆಯಿಂದ, ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿಯಲ್ಲಿ ಅವರದೇ ಸಹಿ ಹಾಕಿಸಿ ಕಳಿಸಿದ್ದರೆ ಟಿಸಿಎಸ್ ಬೀಳುತ್ತಿದ್ದದ್ದು 1,42,500 ರೂಪಾಯಿಯ ಮೇಲೆ, ಅಂದರೆ 7,125. ಠೇವಣಿ ಮುರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ತಾಯಿ ಮಗಳ ಶುಲ್ಕ ಕಟ್ಟುವುದರಲ್ಲಿ ನಿಯಮದ ಅಡ್ಡಿ ಏನೂ ಇಲ್ಲ. ಒಬ್ಬೊಬ್ಬರಿಗೂ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಲು ಅವಕಾಶವಿದೆ. ಅರ್ಜಿಯಲ್ಲಿ ಕಳಿಸುವವರ ಹೆಸರು ಮತ್ತು ಪ್ಯಾನ್ ಯಾರದ್ದೋ, ಮಿತಿ ಅವರದ್ದೇ ಬಳಕೆಯಾಗುತ್ತದೆ ಅನ್ನುವುದನ್ನು ಮಾತ್ರ ನೆನಪಿಡಬೇಕು. ಜಂಟಿ ಖಾತೆಯಾಗಿದ್ದರೆ ಇದನ್ನು ಶಾಖೆಯಲ್ಲಿ ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳಬೇಕು.

ಬ್ಯಾಂಕಿನ ಶಿಕ್ಷಣ ಸಾಲದಿಂದ ಕಟ್ಟುವವರಿಗೆ ಈ ಚಿಂತೆ ಇಲ್ಲ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ತೆಗೆದುಹಾಕಿದ್ದಾರೆ.

ಅರ್ಜಿಯಲ್ಲಿ ತಪ್ಪಲಿದ್ದ ಒಂದು ಸಂಖ್ಯೆ

ಇದು ಚೀಟಿಯಲ್ಲಿ ಇಲ್ಲದ ಸಂಗತಿ, ಆದರೆ ಬರೆಯದೆ ಬಿಡಲು ಮನಸ್ಸಿಲ್ಲ. ಎ2 ಅರ್ಜಿಯಲ್ಲಿ ಹಣ ಯಾವ ಉದ್ದೇಶಕ್ಕೆ ಎಂಬುದಕ್ಕೆ ಒಂದು ಸಂಕೇತ ಬರೆಯಬೇಕು. ಹೊರದೇಶದಲ್ಲಿ ಓದಲು ಹೋದವರ ಶುಲ್ಕ, ಹಾಸ್ಟೆಲ್ ಖರ್ಚಿಗೆ S0305. ಜನವರಿಯಲ್ಲಿ ಶಾಖೆಯ ಹೊಸ ಗುಮಾಸ್ತರು ಮಗಳಿಗಾಗಿ ಹಣ ಎಂದು ಕೇಳಿಸಿಕೊಂಡು ಕುಟುಂಬ ನಿರ್ವಹಣೆಯ ಸಂಕೇತ S1301 ಬರೆದಿದ್ದರು. ಹಣ ಆಗಲೂ ವಿಶ್ವವಿದ್ಯಾಲಯಕ್ಕೆ ಮುಟ್ಟಬಹುದಿತ್ತು. ತೆರಿಗೆ ಮಾತ್ರ 5% ಬದಲು 20% ಆಗುತ್ತಿತ್ತು, ಏಕೆಂದರೆ ಕುಟುಂಬ ನಿರ್ವಹಣೆಗೆ ಶಿಕ್ಷಣದ ರಿಯಾಯಿತಿ ಇಲ್ಲ. 57,125ರ ಜಾಗದಲ್ಲಿ 2,28,500 ರೂಪಾಯಿ. ಬೆಂಗಳೂರಿನ ಕೇಂದ್ರದವರು ಜೊತೆಗಿದ್ದ ಶುಲ್ಕದ ಇನ್‌ವಾಯ್ಸ್ ನೋಡಿ ಅರ್ಜಿ ಹಿಂದಕ್ಕೆ ಕಳಿಸಿದ್ದರಿಂದ ತಪ್ಪಿತು. ಸಹಿ ಹಾಕುವ ಮುಂಚೆ ಆ ಸಂಕೇತವನ್ನು ನಾವೇ ಓದಬೇಕು. ಇನ್‌ವಾಯ್ಸ್, ಪ್ರವೇಶ ಪತ್ರ, ಮಗಳ ಪಾಸ್‌ಪೋರ್ಟ್ ಪ್ರತಿ ಜೊತೆಗಿರಬೇಕು.

ಸಣ್ಣ ಮೊತ್ತಗಳು

ಕರೆನ್ಸಿ ಪರಿವರ್ತನೆಯ ಜಿಎಸ್‌ಟಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಡೀ ಹನ್ನೊಂದು ಲಕ್ಷದ ಮೇಲೆ 18% ಹಾಕುವುದಿಲ್ಲ. ನಿಯಮ ಆ ಮೊತ್ತದ ಒಂದು ಸಣ್ಣ ಪಾಲನ್ನು ಸೇವೆಯ ಮೌಲ್ಯ ಎಂದು ಹಿಡಿಯುತ್ತದೆ: 10 ಲಕ್ಷದವರೆಗೆ 5,500 ರೂಪಾಯಿ, ಅದರ ಮೇಲಿನದಕ್ಕೆ ಸಾವಿರಕ್ಕೆ ಒಂದು ರೂಪಾಯಿ. 11,42,500ಕ್ಕೆ ಅದು 5,642.50 ಆಯಿತು, ಅದರ 18% ಅಂದರೆ 1,016. ಯಾವ ಬ್ಯಾಂಕಿಗೆ ಹೋದರೂ ಇದು ಹತ್ತಿರಹತ್ತಿರ ಇಷ್ಟೇ, ಚೌಕಾಸಿಗೆ ಜಾಗವಿಲ್ಲ. ಕಮಿಷನ್ ಮತ್ತು ಸ್ವಿಫ್ಟ್ ಶುಲ್ಕದ ಸಾವಿರ ರೂಪಾಯಿಯಲ್ಲಿ ಇನ್ನೂರು ಮುನ್ನೂರು ಕಡಿಮೆಯಾಗಬಹುದು. ಅದಕ್ಕೆ ಕೊಡುವ ಅರ್ಧ ಗಂಟೆಯನ್ನು ದರದ ಮಾತಿಗೆ ಕೊಟ್ಟರೆ ಸಾವಿರಗಳಲ್ಲಿ ಉಳಿಯುತ್ತದೆ.

25 ಡಾಲರ್ ಎಲ್ಲಿ ಹೋಯಿತು

ದಾವಣಗೆರೆಯಿಂದ ಹೊರಟ 12,500 ಡಾಲರ್ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಹೋಗುವುದಿಲ್ಲ. ನಮ್ಮ ಬ್ಯಾಂಕಿಗೆ ಅಮೆರಿಕದಲ್ಲಿ ಒಂದು ಪ್ರತಿನಿಧಿ ಬ್ಯಾಂಕ್ ಇರುತ್ತದೆ, ಡಾಲರ್ ಅಲ್ಲಿಂದ ವಿಶ್ವವಿದ್ಯಾಲಯದ ಬ್ಯಾಂಕಿಗೆ ಸಾಗುತ್ತದೆ. ದಾರಿಯಲ್ಲಿರುವ ಬ್ಯಾಂಕಿನ ಶುಲ್ಕವನ್ನು ಯಾರು ಕೊಡಬೇಕು ಎಂಬುದು ಅರ್ಜಿಯ ಒಂದು ಚೌಕದಲ್ಲಿ ನಿರ್ಧಾರವಾಗುತ್ತದೆ. OUR ಎಂದರೆ ಎಲ್ಲ ಶುಲ್ಕವೂ ಕಳಿಸುವವರದು. SHA ಎಂದರೆ ನಮ್ಮ ಕಡೆಯದು ನಮಗೆ, ಆಚೆ ಕಡೆಯದು ಕಳಿಸಿದ ಹಣದಲ್ಲೇ ಕಡಿತ. BEN ಎಂದರೆ ಎಲ್ಲವೂ ಪಡೆಯುವವರದು. ಮೇಷ್ಟ್ರ ಅರ್ಜಿಯಲ್ಲಿ SHA ಗುರುತು ಇತ್ತು. ಆ ಚೌಕದ ಬಗ್ಗೆ ಯಾರೂ ಅವರನ್ನು ಕೇಳಿರಲಿಲ್ಲ. ದಾರಿಯಲ್ಲಿ 25 ಡಾಲರ್ ಕಡಿತವಾಗಿ 12,475 ಮುಟ್ಟಿತು.

ವಿಶ್ವವಿದ್ಯಾಲಯದ ಗಣಕಕ್ಕೆ 25 ಡಾಲರ್ ಬಾಕಿಯೂ ಬಾಕಿಯೇ. ಅಲ್ಲಿ ಮಗಳ ವಿದ್ಯಾರ್ಥಿ ಖಾತೆಗೆ ತಡೆ ಬಿತ್ತು, ಆ ಅವಧಿಯ ಒಂದು ಕೋರ್ಸ್ ಬದಲಿಸಲು ಹೋದರೆ ಬಿಡಲಿಲ್ಲ. ಮೇಷ್ಟ್ರು ಗಾಬರಿಯಾಗಿ 25 ಡಾಲರ್ ಮತ್ತೆ ಬ್ಯಾಂಕಿನಿಂದ ಕಳಿಸಲು ಹೊರಟಿದ್ದರು. ಹಾಗೆ ಮಾಡಿದ್ದರೆ ಡಾಲರ್‌ಗೆ 2,285 ರೂಪಾಯಿ, ಅದರ ಮೇಲೆ ಶುಲ್ಕ ಮತ್ತು ಜಿಎಸ್‌ಟಿಯೇ ಸಾವಿರದ ಇನ್ನೂರಕ್ಕೂ ಹೆಚ್ಚು. SHA ಆಗಿದ್ದರೆ ದಾರಿಯಲ್ಲಿ ಮತ್ತೆ ಕಡಿತವಾಗಿ ಬಹುಶಃ ಏನೂ ಮುಟ್ಟುತ್ತಿರಲಿಲ್ಲ. ಮಗಳು ಅಲ್ಲಿನ ತನ್ನ ಬ್ಯಾಂಕ್ ಖಾತೆಯಿಂದಲೇ ಕಟ್ಟಿ ತಡೆ ತೆಗೆಸಿಕೊಂಡಳು. ಇಂಥ ಚಿಲ್ಲರೆ ಬಾಕಿಗೆ ಅದೇ ಸರಿಯಾದ ದಾರಿ.

ಹಣ ಎಲ್ಲಿ ಕಡಿತವಾಯಿತು ಎಂದು ತಿಳಿಯಲು ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ ಕೇಳಿ ಪಡೆಯಬೇಕು. ಶುಲ್ಕದ ಗುರುತು ಅದರಲ್ಲಿ SHA ಅಥವಾ ಹೊಸ ಮಾದರಿಯ ಸಂದೇಶದಲ್ಲಿ SHAR ಎಂದಿರುತ್ತದೆ. UETR ಎಂಬ ಉದ್ದದ ಸಂಖ್ಯೆಯೂ ಇರುತ್ತದೆ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ, ಎಷ್ಟು ಕಡಿತವಾಗಿದೆ ಎಂದು ಬ್ಯಾಂಕಿನವರು ಆ ಸಂಖ್ಯೆಯಿಂದ ಹಿಂಬಾಲಿಸಬಲ್ಲರು. ಅದೇ ಪ್ರತಿಯಲ್ಲಿ ಮಗಳ ವಿದ್ಯಾರ್ಥಿ ಸಂಖ್ಯೆ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಹಣ ವಿಶ್ವವಿದ್ಯಾಲಯಕ್ಕೆ ಮುಟ್ಟಿಯೂ ಯಾರ ಲೆಕ್ಕಕ್ಕೆ ಎಂದು ತಿಳಿಯದೆ ಕೂತಿರುತ್ತದೆ.

OUR ಹಾಕಿಸಿದರೆ ನಮ್ಮ ಬ್ಯಾಂಕ್ ಹೆಚ್ಚುವರಿ ಶುಲ್ಕ ತೆಗೆದುಕೊಳ್ಳುತ್ತದೆ. ಮೇಷ್ಟ್ರ ಬ್ಯಾಂಕಿನಲ್ಲಿ ಅದು 1,500 ರೂಪಾಯಿ, ಜಿಎಸ್‌ಟಿ ಸೇರಿ 1,770. ಕಡಿತವಾದ 25 ಡಾಲರ್ ಮಾರುಕಟ್ಟೆ ದರದಲ್ಲೇ 2,250 ರೂಪಾಯಿ. ಹಣದ ಲೆಕ್ಕದಲ್ಲಿ ಲಾಭ ಸಣ್ಣದು, ತಡೆ ಬೀಳದಿರುವುದು ದೊಡ್ಡದು. ಕೆಲವರು 25 ಡಾಲರ್ ಸೇರಿಸಿ ಕಳಿಸುತ್ತಾರೆ. ಇನ್‌ವಾಯ್ಸ್‌ಗಿಂತ ಹೆಚ್ಚು ಮೊತ್ತಕ್ಕೆ ಕೆಲವು ಬ್ಯಾಂಕುಗಳು ಒಪ್ಪುವುದಿಲ್ಲ, ಮತ್ತು ಕಡಿತ ಎಷ್ಟಾಗುತ್ತದೆ ಎಂದು ಮುಂಚೆ ಗೊತ್ತಿರುವುದಿಲ್ಲ.

ಒಂದು ಡಾಲರ್‌ಗೆ ನಿಜವಾಗಿ ಬಿದ್ದ ಬೆಲೆ

ಇಷ್ಟೆಲ್ಲ ಸಾಲುಗಳನ್ನು ಒಂದೇ ಸಂಖ್ಯೆಗೆ ತರುವ ಲೆಕ್ಕ ಇದೆ. ಖಾತೆಯಿಂದ ಹೋದ ಒಟ್ಟು ಹಣದಲ್ಲಿ ವಾಪಸ್ ಬರುವ ಟಿಸಿಎಸ್ ಕಳೆಯಬೇಕು. ಉಳಿದದ್ದನ್ನು ಕಳಿಸಿದ ಡಾಲರ್‌ನಿಂದ ಅಲ್ಲ, ವಿಶ್ವವಿದ್ಯಾಲಯಕ್ಕೆ ಮುಟ್ಟಿದ ಡಾಲರ್‌ನಿಂದ ಭಾಗಿಸಬೇಕು.

ಜನವರಿಯಲ್ಲಿ 12,01,821ರಿಂದ 57,125 ಕಳೆದರೆ 11,44,696. ಅದನ್ನು 12,475ರಿಂದ ಭಾಗಿಸಿದರೆ 91.76. ಮಾರುಕಟ್ಟೆ ದರ 90. ಮುಟ್ಟಿದ ಪ್ರತಿ ಡಾಲರ್‌ಗೂ 1 ರೂಪಾಯಿ 76 ಪೈಸೆ ಹೆಚ್ಚು, ಒಟ್ಟು 21,946 ರೂಪಾಯಿ. ಅದರಲ್ಲಿ ಸ್ಪ್ರೆಡ್ 17,500, ದಾರಿಯಲ್ಲಿ ಕಡಿತವಾದದ್ದು 2,250, ಶುಲ್ಕ 1,180, ಜಿಎಸ್‌ಟಿ 1,016. ಐದರಲ್ಲಿ ನಾಲ್ಕು ಪಾಲು, ಚೀಟಿಯಲ್ಲಿ ಹೆಸರೇ ಇಲ್ಲದ ಆ ಸ್ಪ್ರೆಡ್‌ನದು.

ಇದೇ ಲೆಕ್ಕವನ್ನು ಮೇಷ್ಟ್ರಿಗೆ ಸಾಧ್ಯವಿದ್ದ ಬೇರೆ ಎರಡು ದಾರಿಗೂ ಹಾಕಿ ನೋಡಿದೆವು. ವಿಶ್ವವಿದ್ಯಾಲಯ ತನ್ನ ಪುಟದಲ್ಲಿ ಸೂಚಿಸಿದ ಪಾವತಿ ಸೇವೆಯೊಂದು ಅದೇ ದಿನ 11,37,500 ರೂಪಾಯಿ ಎಂದು ಮೊತ್ತ ತೋರಿಸಿತ್ತು, ಶುಲ್ಕವಿಲ್ಲ ಎಂದೂ ಬರೆದಿತ್ತು. ಮಗಳು ಅದರ ಚಿತ್ರ ತೆಗೆದಿಟ್ಟಿದ್ದಳು. ಶುಲ್ಕವಿಲ್ಲ ಅನ್ನುವುದು ನಿಜ, ಆದರೆ 12,500ರಿಂದ ಭಾಗಿಸಿದರೆ ದರ 91 ರೂಪಾಯಿ, ಅಂದರೆ ಒಂದು ರೂಪಾಯಿ ಸ್ಪ್ರೆಡ್ ದರದೊಳಗೇ ಇದೆ. ಪರಿವರ್ತನೆಯ ಜಿಎಸ್‌ಟಿ ಸೇರಿಸಿದರೆ ಒಂದು ಡಾಲರ್‌ಗೆ 91.08. ಪೂರ್ತಿ 12,500 ಮುಟ್ಟುವ ಖಾತರಿ ಇರುವುದರಿಂದ ಕಾರ್ಡ್ ದರಕ್ಕಿಂತ ಇದು ಒಳ್ಳೆಯದೇ.

ಇನ್ನೊಂದು, ಅದೇ ಬ್ಯಾಂಕಿನ ಡೀಲ್ ರೇಟ್. ಇಂಥ ಮೊತ್ತಕ್ಕೆ ಮಾರುಕಟ್ಟೆಯ ಮೇಲೆ 45 ಪೈಸೆಗೆ ಕೊಡಬಹುದೆಂದು ಫಾರೆಕ್ಸ್ ಕೇಂದ್ರದವರು ನಾವು ಕೇಳಿದ ಮೇಲೆ ಹೇಳಿದರು. ಆ ಲೆಕ್ಕದಲ್ಲಿ 90.45ಕ್ಕೆ 11,30,625 ರೂಪಾಯಿ. OUR ಸೇರಿ ಎಲ್ಲ ಶುಲ್ಕ 2,950, ಪರಿವರ್ತನೆಯ ಜಿಎಸ್‌ಟಿ 1,014. ಒಟ್ಟು 11,34,589, ಮುಟ್ಟುವುದು ಪೂರ್ತಿ 12,500, ಒಂದು ಡಾಲರ್‌ಗೆ 90.77. ಮೇಷ್ಟ್ರು ಕೊಟ್ಟದ್ದಕ್ಕಿಂತ ಪ್ರತಿ ಡಾಲರ್‌ಗೆ ಸುಮಾರು ಒಂದು ರೂಪಾಯಿ ಕಡಿಮೆ. ಅದೇ ಖಾತೆ, ಅದೇ ಶಾಖೆ, ಒಂದು ಪ್ರಶ್ನೆ ಹೆಚ್ಚು ಕೇಳಿದ್ದರೆ ಸಾಕಿತ್ತು.

ಮೂರನೆಯ ದಾರಿಯೂ ಇದೆ, ಮೇಷ್ಟ್ರು ಇನ್ನೂ ಪ್ರಯತ್ನಿಸಿಲ್ಲ. ಸಿಸಿಐಎಲ್ ಸಂಸ್ಥೆ 2019ರಿಂದ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆ ನಡೆಸುತ್ತಿದೆ. ಅದರಲ್ಲಿ ಗ್ರಾಹಕ ತನ್ನ ಬ್ಯಾಂಕಿನ ಮೂಲಕ ನೋಂದಾಯಿಸಿಕೊಂಡು ಮಾರುಕಟ್ಟೆಗೆ ಹತ್ತಿರದ ದರದಲ್ಲಿ ಡಾಲರ್ ಕೊಳ್ಳಬಹುದು, ಬ್ಯಾಂಕ್ ತನ್ನ ಪಾಲಿನ ಶುಲ್ಕವನ್ನು ಮುಂಚೆಯೇ ಹೇಳಬೇಕು. ನೋಂದಣಿಗೆ ಶಾಖೆಯ ಸಹಕಾರ ಬೇಕು, ಕಂತಿನ ಹಿಂದಿನ ದಿನ ಹೊರಟರೆ ಆಗುವ ಕೆಲಸವಲ್ಲ. ವರ್ಷಕ್ಕೆ ಎರಡೇ ಕಂತು ಕಟ್ಟುವವರಿಗೆ ಡೀಲ್ ರೇಟ್ ಸಿಗುವುದಾದರೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಡಾಲರ್ ಇಳಿಯುತ್ತದೆ ಎಂದು ಕಾಯುವುದರ ಬಗ್ಗೆಯೂ ಮೇಷ್ಟ್ರು ಕೇಳಿದರು. ಐವತ್ತು ಪೈಸೆ ಇಳಿದರೆ ಅವರಿಗೆ ಉಳಿಯುವುದು 6,250 ರೂಪಾಯಿ, ಅಷ್ಟೇ ಏರಿದರೆ ಹೋಗುವುದೂ ಅಷ್ಟೇ. ಯಾವ ಕಡೆಗೆ ಹೋಗುತ್ತದೆ ಎಂದು ಟ್ರೆಷರಿಯಲ್ಲಿ ದಿನವಿಡೀ ಪರದೆ ನೋಡುವವರೂ ಖಚಿತವಾಗಿ ಹೇಳಲಾರರು. ಸ್ಪ್ರೆಡ್‌ನಲ್ಲಿ ಉಳಿಯುವ ಹನ್ನೆರಡು ಸಾವಿರಕ್ಕೆ ಅಂಥ ಅನುಮಾನ ಇಲ್ಲ.

ಮುಂದಿನ ಕಂತಿಗೆ ಮಾಡಿಕೊಂಡ ಏರ್ಪಾಡು

ಏಪ್ರಿಲ್ 1ರಿಂದ ಇಬ್ಬರ ಟಿಸಿಎಸ್ ಮಿತಿಯೂ ಹೊಸದಾಗಿ ಶುರುವಾಗುತ್ತದೆ. ಆಗಸ್ಟ್ ಕಂತು ಮೇಷ್ಟ್ರ ಖಾತೆಯಿಂದ, ಜನವರಿಯದು ಅವರ ಪತ್ನಿಯ ಖಾತೆಯಿಂದ ಎಂದು ನಿರ್ಧರಿಸಿದ್ದಾರೆ. ತೆರಿಗೆಯ ದರವೂ ಮಿತಿಯೂ ಬಜೆಟ್ಟಿನಲ್ಲಿ ಬದಲಾಗುವಂಥವು, ಆದ್ದರಿಂದ ಕಟ್ಟುವ ವಾರ ಆಗಿನ ನಿಯಮವನ್ನು ಶಾಖೆಯಲ್ಲಿ ಕೇಳಿಕೊಂಡೇ ಖಾತೆಯಲ್ಲಿ ಹಣ ಸಿದ್ಧಮಾಡಿಕೊಳ್ಳುತ್ತಾರೆ. ಕೊನೆಯ ದಿನಾಂಕಕ್ಕೆ ಒಂದು ವಾರ ಮುಂಚೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ ಅರ್ಜಿ ಕೊಡುತ್ತಾರೆ. ಅದರ ಜೊತೆ ಶಾಖಾ ವ್ಯವಸ್ಥಾಪಕರಿಗೆ ಕೊಡಲು ನಾವಿಬ್ಬರೂ ಕೂತು ಬರೆದ ಪತ್ರ ಹೀಗಿದೆ:

"ಮಾನ್ಯರೇ, ಲಗತ್ತಿಸಿದ ಇನ್‌ವಾಯ್ಸ್‌ನಂತೆ 12,500 ಅಮೆರಿಕನ್ ಡಾಲರ್ ಶುಲ್ಕ ಕಳಿಸಬೇಕಾಗಿದೆ. ಉದ್ದೇಶ ಸಂಕೇತ S0305. ವಿದೇಶಿ ಬ್ಯಾಂಕ್ ಶುಲ್ಕ OUR. ಕಾರ್ಡ್ ದರ ಹಾಕದೆ ಟ್ರೆಷರಿಯಿಂದ ಡೀಲ್ ರೇಟ್ ಪಡೆದು, ಮಾರುಕಟ್ಟೆ ದರ ಮತ್ತು ಅದರ ಮೇಲಿನ ಮಾರ್ಜಿನ್ ಎರಡನ್ನೂ ಪೈಸೆಯಲ್ಲಿ ತಿಳಿಸಿ, ನನ್ನ ಒಪ್ಪಿಗೆ ಪಡೆದ ಮೇಲೆ ಖಾತೆಯಿಂದ ಕಡಿತ ಮಾಡಬೇಕಾಗಿ ಕೋರುತ್ತೇನೆ. ಹಣ ಹೋದ ನಂತರ ಸ್ವಿಫ್ಟ್ ಪ್ರತಿಯನ್ನು UETR ಸಂಖ್ಯೆಯೊಡನೆ ದಯವಿಟ್ಟು ಕೊಡುವುದು."